ರಿಜಿಸ್ಟರಿನಲ್ಲಿ ಇಲ್ಲದ ಕಾಲಂ

ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ನರ್ಸ್ ಒಬ್ಬರ ಫೈಲಿನಲ್ಲಿ ಅಂಕಪಟ್ಟಿ ಇರುತ್ತದೆ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ ಇರುತ್ತದೆ, ಕೆಲಸದ ಅನುಭವ ಪತ್ರ ಇರುತ್ತದೆ. ಇವೆಲ್ಲ ಬೇರೆಯವರು ಬರೆದುಕೊಟ್ಟ ಕಾಗದಗಳು. ಅವರೇ ಕೂತು ಬರೆಯಬೇಕಾದದ್ದು ಒಂದೇ ಒಂದು: ಈ ಓದು ತನಗೆ ಯಾಕೆ ಬೇಕು ಎಂದು ಹೇಳುವ ಒಂದೆರಡು ಪುಟ. ಇದನ್ನು ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಎಸ್‌ಒಪಿ. ಅಮೆರಿಕ, ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಇದನ್ನು ಬಹಳ ಗಮನವಿಟ್ಟು ಓದುತ್ತವೆ. ನಮ್ಮಲ್ಲಿ ಪ್ರವೇಶ ಪರೀಕ್ಷೆ, ಸಂದರ್ಶನ ಇರುವ ಕಡೆಯೂ ಇದನ್ನು ಕೇಳುವುದುಂಟು. ಕೇಳದಿದ್ದರೂ ಸಂದರ್ಶನದ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅದೇ: "ನೀವು ನರ್ಸ್ ಆಗಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೀರಿ, ಇದೇಕೆ?"

ಈ ಪ್ರಶ್ನೆಗೆ ಸಣ್ಣ ಊರಿನ ನರ್ಸ್‌ಗಳ ಹತ್ತಿರ ಬಹಳ ಗಟ್ಟಿಯಾದ ಉತ್ತರವಿದೆ. ಆದರೆ ಅವರು ಬರೆದ ಎಸ್‌ಒಪಿಗಳಲ್ಲಿ ಆ ಉತ್ತರ ಅಪರೂಪಕ್ಕೆ ಕಾಣಿಸುತ್ತದೆ. ಹೆಚ್ಚಿನವು ಹೀಗೆ ಶುರುವಾಗುತ್ತವೆ: "ಚಿಕ್ಕಂದಿನಿಂದಲೂ ನನಗೆ ಜನಸೇವೆಯಲ್ಲಿ ಆಸಕ್ತಿ. ಫ್ಲಾರೆನ್ಸ್ ನೈಟಿಂಗೇಲ್ ನನ್ನ ಆದರ್ಶ. ಕೋವಿಡ್ ಸಮಯದಲ್ಲಿ ಹಗಲು ರಾತ್ರಿ ದುಡಿದಾಗ ಸಾರ್ವಜನಿಕ ಆರೋಗ್ಯದ ಮಹತ್ವ ಅರಿವಾಯಿತು." ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದೇ ಮೂರು ವಾಕ್ಯಗಳನ್ನು ಯಾವ ಊರಿನ ಯಾವ ನರ್ಸ್ ಬೇಕಾದರೂ ಬರೆಯಬಹುದು. ಓದುವ ಪ್ರಾಧ್ಯಾಪಕರಿಗೆ ಬರೆದವರ ಮುಖ ಕಾಣುವುದಿಲ್ಲ.

ನೈಟಿಂಗೇಲ್ ಹೆಸರು ತೆಗೆಯಲೇಬಾರದು ಎಂದೇನಿಲ್ಲ. ತೆಗೆಯುವವರು ಅವರ ಕೈಯ ದೀಪದಲ್ಲೇ ನಿಂತುಬಿಡುತ್ತಾರೆ ಎಂಬುದು ನನ್ನ ಕೊರಗು. ಕ್ರಿಮಿಯಾ ಯುದ್ಧದಲ್ಲಿ ಗಾಯದಿಂದ ಸತ್ತ ಸೈನಿಕರಿಗಿಂತ ರೋಗದಿಂದ ಸತ್ತವರೇ ಬಹಳ ಹೆಚ್ಚು ಎಂಬುದನ್ನು ಅವರು ಲೆಕ್ಕ ಹಾಕಿ, 1858ರಲ್ಲಿ ಚಿತ್ರಗಳ ಮೂಲಕ ಸರ್ಕಾರದ ಮುಂದಿಟ್ಟರು. ಭಾರತಕ್ಕೆ ಒಮ್ಮೆಯೂ ಕಾಲಿಡದೆ, ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳಿಸಿ, ನೀರು, ಚರಂಡಿ, ಬ್ಯಾರಕ್ಕುಗಳ ಸ್ಥಿತಿಯನ್ನು ಬರೆಸಿಕೊಂಡು 1863ರಲ್ಲಿ ಅದರ ಮೇಲೆ ವರದಿ ಬರೆದರು. ಹಾಸಿಗೆಯ ಪಕ್ಕ ನಿಂತು ಕಂಡದ್ದನ್ನು ಎಣಿಕೆಗೆ ತಂದ ನರ್ಸ್ ಅವರು. ಎಂಪಿಎಚ್ ಓದಲು ಹೊರಟವರು ಎಸ್‌ಒಪಿಯಲ್ಲಿ ತೋರಿಸಬೇಕಾದದ್ದೂ ಅದನ್ನೇ: ವಾರ್ಡಿನಲ್ಲಿ ಒಬ್ಬ ರೋಗಿಯಲ್ಲಿ ಕಂಡದ್ದು ಯಾವ ಹೊತ್ತಿನಲ್ಲಿ ಇಡೀ ತಾಲ್ಲೂಕಿನ ಪ್ರಶ್ನೆಯಾಯಿತು?

ಒಂದು ಉದಾಹರಣೆ ಹಿಡಿದು ನೋಡೋಣ. ಮಲೆನಾಡಿನ ಸೆರಗಿನಲ್ಲಿರುವ ಒಂದು ತಾಲ್ಲೂಕು ಆಸ್ಪತ್ರೆ. ಅಲ್ಲಿ ಏಳೆಂಟು ವರ್ಷದಿಂದ ಕೆಲಸ ಮಾಡುತ್ತಿರುವ ಒಬ್ಬ ಶುಶ್ರೂಷಾಧಿಕಾರಿ, ಊರವರ ಬಾಯಲ್ಲಿ ಸಿಸ್ಟರ್. ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವರು. (ಇದು ಬೇಕೇ ಬೇಕು. ಜಿಎನ್‌ಎಂ ಡಿಪ್ಲೊಮಾ ಮಾತ್ರ ಇದ್ದರೆ ಪದವಿ ಆದಂತಲ್ಲ, ಎಂಪಿಎಚ್‌ಗೆ ಪದವಿ ಕೇಳುತ್ತಾರೆ.) ಇವರು ನಾನು ಕಟ್ಟಿಕೊಂಡ ವ್ಯಕ್ತಿ, ಅವರ ರಿಜಿಸ್ಟರಿನ ಅಂಕಿಗಳೂ ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಆದರೆ ಅವರ ಎದುರಿನ ಸಮಸ್ಯೆ ಪೂರ್ತಿ ನಿಜವಾದದ್ದು: ಹಾವು ಕಡಿತ.

ಎಸ್‌ಒಪಿಗೆ ಏನು ಬರೆಯಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ನಿಮ್ಮ ಕೈಯಲ್ಲಿ ನಡೆಯುವ ಒಂದು ಕೆಲಸವನ್ನು ಹತ್ತಿರದಿಂದ ಬರೆಯಿರಿ ಎಂದು. ಹಾವು ಕಚ್ಚಿಸಿಕೊಂಡವರು ಕ್ಯಾಶುವಾಲ್ಟಿಗೆ ಬಂದಾಗ ಈ ಸಿಸ್ಟರ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವುದು. ಅಭಿಧಮನಿಯಿಂದ 2 ಮಿಲಿಲೀಟರ್ ರಕ್ತ ತೆಗೆದು, ಒಣಗಿದ, ಹೊಸ ಗಾಜಿನ ಟೆಸ್ಟ್‌ ಟ್ಯೂಬಿಗೆ ಹಾಕಿ, ಮುಟ್ಟದೆ ಅಲುಗಿಸದೆ 20 ನಿಮಿಷ ಇಡಬೇಕು. ಆಮೇಲೆ ಟ್ಯೂಬನ್ನು ಒಮ್ಮೆ ಓರೆ ಮಾಡಬೇಕು. ರಕ್ತ ಗಟ್ಟಿಯಾಗಿ ತಳ ಹಿಡಿದಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ಕೊಳಕುಮಂಡಲ ಅಥವಾ ಗರಗಸಮಂಡಲದಂಥ ಹಾವಿನ ವಿಷ ರಕ್ತದೊಳಗೆ ಕೆಲಸ ಶುರುಮಾಡಿದೆ ಎಂದರ್ಥ, ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಹಾಕಲೇಬೇಕು. ದೊಡ್ಡವರಿಗೂ ಮಕ್ಕಳಿಗೂ ಒಂದೇ ಪ್ರಮಾಣ, ಸಾಮಾನ್ಯವಾಗಿ ಮೊದಲಿಗೆ 10 ವಯಲ್. ಮಗುವಿನ ಮೈ ಚಿಕ್ಕದಾದರೂ ಹಾವು ಬಿಟ್ಟ ವಿಷ ಕಡಿಮೆ ಇರುವುದಿಲ್ಲವಲ್ಲ.

ಯಾವ ಯಂತ್ರವೂ ಬೇಡದ ಈ ಪರೀಕ್ಷೆ ಕೆಡುವುದು ಎಲ್ಲಿ ಎಂಬುದು ಸಿಸ್ಟರಿಗೆ ಚೆನ್ನಾಗಿ ಗೊತ್ತು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇಟ್ಟರೆ ಆಗುವುದಿಲ್ಲ, ಏಕೆಂದರೆ ರಕ್ತ ಹೆಪ್ಪುಗಟ್ಟಲು ಪ್ರಚೋದನೆ ಸಿಗುವುದೇ ಗಾಜಿನ ಗೋಡೆಯಿಂದ. ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ ಗಾಜಿನ ಟ್ಯೂಬೂ ತಪ್ಪು ಉತ್ತರ ಕೊಡುತ್ತದೆ. ವಿಷವಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೆ ಉಳಿಯಬಹುದು, ಬೇಡದವರಿಗೆ ಎಎಸ್‌ವಿ ಹೋಗಬಹುದು. ಎಎಸ್‌ವಿಗೆ ಮೈ ಒಗ್ಗದೆ ಪ್ರಾಣಕ್ಕೆ ಕುತ್ತಾಗುವ ಅಲರ್ಜಿ ಬರುವುದುಂಟು, ಅದಕ್ಕೇ ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜು ಸಿದ್ಧವಿರಬೇಕು. ಇನ್ನೊಂದು ಮಿತಿ ಇದೆ. ನಾಗರಹಾವು, ಕಟ್ಟುಹಾವುಗಳ ವಿಷ ಹೊಡೆಯುವುದು ನರಗಳಿಗೆ. ಅವು ಕಚ್ಚಿದವರ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟಿರುತ್ತದೆ, ಅತ್ತ ರೆಪ್ಪೆ ಜೋತುಬಿದ್ದು ಉಸಿರಾಟ ನಿಲ್ಲುತ್ತಾ ಬರುತ್ತದೆ. ಹಾಗಾಗಿ ಟ್ಯೂಬಿನ ಜೊತೆಗೆ ಕಣ್ಣನ್ನೂ ಕಾಯಬೇಕು.

ಇಷ್ಟನ್ನು ಒಂದು ಪ್ಯಾರಾದಲ್ಲಿ ಬರೆದರೆ, ಓದುವವರಿಗೆ ಇವರು ಕೆಲಸ ಬಲ್ಲವರು ಎಂದು ತಿಳಿಯುತ್ತದೆ. "ನಾನು ಶ್ರದ್ಧೆಯಿಂದ ಕೆಲಸ ಮಾಡುವವಳು" ಎಂದು ಬೇರೆಯಾಗಿ ಹೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಆದರೆ ಇಲ್ಲಿಗೇ ನಿಂತರೆ ಅದು ತುರ್ತು ಚಿಕಿತ್ಸಾ ನರ್ಸಿಂಗ್‌ನ ಅರ್ಜಿಯಾಗುತ್ತದೆ, ಎಂಪಿಎಚ್‌ದಾಗುವುದಿಲ್ಲ. ಎಷ್ಟೋ ಒಳ್ಳೆಯ ನರ್ಸ್‌ಗಳ ಎಸ್‌ಒಪಿ ಸೋಲುವುದು ಈ ತಿರುವಿನಲ್ಲಿ. ರೋಗಿಯನ್ನು ಉಳಿಸಿದ ಕಥೆಯನ್ನು ಮನಮುಟ್ಟುವಂತೆ ಬರೆಯುತ್ತಾರೆ, ಆಮೇಲೆ ಒಮ್ಮೆಲೇ "ಆದ್ದರಿಂದ ನಾನು ಸಾರ್ವಜನಿಕ ಆರೋಗ್ಯ ಓದಬೇಕೆಂದಿದ್ದೇನೆ" ಎಂದುಬಿಡುತ್ತಾರೆ. ಆ "ಆದ್ದರಿಂದ"ಕ್ಕೆ ಮೊದಲು ಒಂದು ಮೆಟ್ಟಿಲು ಬೇಕು.

ನಮ್ಮ ಸಿಸ್ಟರಿಗೆ ಆ ಮೆಟ್ಟಿಲು ಸಿಗುವುದು ಆಸ್ಪತ್ರೆಯ ರಿಜಿಸ್ಟರಿನಲ್ಲಿ. ಅದರಲ್ಲಿ ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು, ದಾಖಲಾದ ದಿನಾಂಕ ಮತ್ತು ಸಮಯ, ಕೊಟ್ಟ ಚಿಕಿತ್ಸೆ, ಕೊನೆಗೆ ಏನಾಯಿತು ಎಂಬ ಕಾಲಂಗಳಿವೆ. ಹಾವು ಎಷ್ಟು ಹೊತ್ತಿಗೆ ಕಚ್ಚಿತು ಎಂಬ ಕಾಲಂ ಇಲ್ಲ. ವಿಷ ಏರುತ್ತಿದ್ದ ಹೊತ್ತಿನಲ್ಲಿ ಆ ಮನುಷ್ಯ ಎಲ್ಲಿದ್ದ, ಎಷ್ಟು ಕಡೆ ಸುತ್ತಿ ಇಲ್ಲಿಗೆ ಬಂದ ಎಂಬುದು ಈ ಪುಸ್ತಕದಲ್ಲಿ ಎಲ್ಲೂ ಉಳಿಯುವುದಿಲ್ಲ. ಉಳಿಯುವವರು ಯಾರು, ಉಳಿಯದವರು ಯಾರು ಎಂಬುದು ಬಹುಮಟ್ಟಿಗೆ ಆ ಗಂಟೆಗಳಲ್ಲೇ ತೀರ್ಮಾನವಾಗಿರುತ್ತದೆ ಎಂದು ಕ್ಯಾಶುವಾಲ್ಟಿಯಲ್ಲಿ ಇರುವವರಿಗೆಲ್ಲ ಗೊತ್ತು.

ಸಿಸ್ಟರ್ ಕೇಳತೊಡಗುತ್ತಾರೆ. "ಎಷ್ಟೊತ್ತಿಗೆ ಕಚ್ಚಿದ್ದು?"

"ದನ ಕಟ್ಟೋ ಹೊತ್ತಿಗೆ ಸಿಸ್ಟರೇ."

"ಅಂದ್ರೆ ದೀಪ ಹಚ್ಚಿದ್ರಾ, ಇನ್ನೂ ಬೆಳಕಿತ್ತಾ?"

"ಬೆಳಕಿತ್ತು. ಮೊದ್ಲು ಮದ್ದು ಕೊಡೋರ ಹತ್ರ ಹೋದ್ವಿ. ಅವರು ಬಿಗಿಯಾಗಿ ಕಟ್ಟಿದ್ರು. ಆಮೇಲೆ ಪಿಎಚ್‌ಸಿ. ಅಲ್ಲಿ ಡಾಕ್ಟ್ರು ಇರ್ಲಿಲ್ಲ."

ದನ ಕಟ್ಟುವ ಹೊತ್ತು, ಬೆಳಕಿತ್ತು ಅಂದರೆ ಸುಮಾರು ಆರು ಗಂಟೆ. ಆಸ್ಪತ್ರೆಗೆ ಬಂದದ್ದು ರಾತ್ರಿ ಹತ್ತೂವರೆಗೆ. ಅವರು ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಆರು ಎಂದು ಬರೆದು, ಪಕ್ಕದಲ್ಲಿ ಎರಡು ಅಕ್ಷರದ ಗುರುತು ಹಾಕುತ್ತಾರೆ: ಮೊದಲು ಎಲ್ಲಿಗೆ ಹೋದರು, ಆಮೇಲೆ ಎಲ್ಲಿಗೆ. ಈ ಸಣ್ಣ ಕೆಲಸವೇ ಎಸ್‌ಒಪಿಯ ಬೆನ್ನೆಲುಬು. ಯಾರೂ ಹೇಳದೆ ಒಬ್ಬ ನರ್ಸ್ ಮಾಹಿತಿ ಸಂಗ್ರಹಕ್ಕೆ ಕೈಹಾಕಿದ್ದಾರೆ, ಅದೂ ಜನರ ಮಾತಿನ ಹೊತ್ತನ್ನು ಗಡಿಯಾರದ ಹೊತ್ತಿಗೆ ಇಳಿಸುವ ಕಷ್ಟದ ಕೆಲಸ. ಎಪಿಡೆಮಿಯಾಲಜಿ ಪಾಠದಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಆ ಹೆಸರುಗಳನ್ನು ಎಸ್‌ಒಪಿಯಲ್ಲಿ ತುರುಕುವುದು ಬೇಡ, ಮಾಡಿದ ಕೆಲಸವನ್ನು ಹೇಳಿದರೆ ಓದುವವರೇ ಗುರುತು ಹಿಡಿಯುತ್ತಾರೆ.

ಈಗ ಒಂದು ವರ್ಷದ ಲೆಕ್ಕ. ರಿಜಿಸ್ಟರಿನಲ್ಲಿ ಹಾವು ಕಚ್ಚಿ ಬಂದವರು 40 ಜನ ಎಂದಿಟ್ಟುಕೊಳ್ಳಿ. ಅವರಲ್ಲಿ ಇಲ್ಲೇ ಸತ್ತವರು ಒಬ್ಬರು. 9 ಜನರನ್ನು ಜಿಲ್ಲಾಸ್ಪತ್ರೆಗೆ ರೆಫರ್ ಮಾಡಲಾಗಿದೆ, ಉಳಿದ 30 ಜನ ಗುಣವಾಗಿ ಮನೆಗೆ ಹೋದರು. ಮೊದಲ ಕರಡಿನಲ್ಲಿ ಸಿಸ್ಟರ್ ಹೆಮ್ಮೆಯಿಂದ ಹೀಗೆ ಬರೆಯಬಹುದು: "ನಮ್ಮ ಆಸ್ಪತ್ರೆಯಲ್ಲಿ ಹಾವು ಕಡಿತದ ಸಾವು 100ಕ್ಕೆ ಮೂರಕ್ಕಿಂತ ಕಡಿಮೆ." ಒಂದನ್ನು 40ರಿಂದ ಭಾಗಿಸಿದರೆ ಬರುವುದು 100ಕ್ಕೆ ಎರಡೂವರೆ, ಅಂಕಿ ಸರಿಯೇ. ಆದರೆ ಓದುವ ಪ್ರಾಧ್ಯಾಪಕರು ಅಲ್ಲೇ ಪೆನ್ನು ಇಟ್ಟು ಎರಡು ಪ್ರಶ್ನೆ ಕೇಳುತ್ತಾರೆ. ರೆಫರ್ ಆದ 9 ಜನರಿಗೆ ಏನಾಯಿತು? ಆಸ್ಪತ್ರೆ ತಲುಪದೆ ಸತ್ತವರು ಎಷ್ಟು ಜನ?

ಮೊದಲನೆಯದಕ್ಕೆ ಸಿಸ್ಟರ್ ಉತ್ತರ ಹುಡುಕಬಹುದು. ಕೊಳಕುಮಂಡಲ ಕಚ್ಚಿದ ಎಷ್ಟೋ ಮಂದಿಗೆ ರಕ್ತ ಸರಿಹೋದ ಮೇಲೂ ಮೂತ್ರಪಿಂಡ ಕೈಕೊಡುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ. ದೊಡ್ಡಾಸ್ಪತ್ರೆಗೆ ಕಳಿಸುವುದು ಹೆಚ್ಚಾಗಿ ಇಂಥವರನ್ನೇ, ಅಂದರೆ ಸಾವಿಗೆ ಹೆಚ್ಚು ಹತ್ತಿರ ಇರುವವರನ್ನು. ಅವರಲ್ಲಿ 3 ಜನ ತೀರಿಕೊಂಡರು ಎಂದುಕೊಳ್ಳಿ. ಎರಡನೆಯದು ಇನ್ನೂ ಕಷ್ಟ. ದಾರಿಯಲ್ಲೇ ಜೀವ ಹೋದವರು ಈ ರಿಜಿಸ್ಟರಿಗೆ ಬರುವುದೇ ಇಲ್ಲ, ಬಂದರೂ ಮೆಡಿಕೋ ಲೀಗಲ್ ಪುಸ್ತಕದಲ್ಲಿ, ಪೊಲೀಸರ ಮಹಜರಿನಲ್ಲಿ ಇರುತ್ತಾರೆ. ಮನೆಯಲ್ಲೇ ಸತ್ತು ಮನೆಯವರೇ ಸಂಸ್ಕಾರ ಮಾಡಿದ್ದರೆ ಅದು ಗೊತ್ತಿರುವುದು ಆಶಾ ಕಾರ್ಯಕರ್ತೆಗೆ ಮಾತ್ರ. ಅಂಥವರು 4 ಜನ ಎಂದಿಟ್ಟುಕೊಳ್ಳೋಣ. ಈಗ ಸಾವು ಒಂದಲ್ಲ, 8. ಕಚ್ಚಿಸಿಕೊಂಡವರು 40 ಅಲ್ಲ, 44. ಅಂದರೆ 100ಕ್ಕೆ 18. ಅದೇ ತಾಲ್ಲೂಕು, ಅದೇ ವರ್ಷ. ಆಸ್ಪತ್ರೆಯ ಬಾಗಿಲಿನ ಒಳಗೆ ಎಣಿಸಿದ್ದಕ್ಕೂ ಊರಿನಲ್ಲಿ ಎಣಿಸಿದ್ದಕ್ಕೂ ಏಳುಪಟ್ಟು ವ್ಯತ್ಯಾಸ.

ಇದು ಕಲ್ಪನೆಯ ಅಂಕಿ. ಆದರೆ ಇಂಥ ವ್ಯತ್ಯಾಸ ದೇಶದ ಮಟ್ಟದಲ್ಲೂ ಇದೆ ಎಂಬುದು ಗೊತ್ತಿರುವ ಸಂಗತಿ. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತರು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯ ದಾಖಲೆಗಳಿಂದಲ್ಲ. ಆರಿಸಿದ ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ, ಸತ್ತವರ ಮನೆಯವರನ್ನು ಮಾತನಾಡಿಸಿ, ಸಾವಿಗೆ ಮೊದಲು ಏನೇನಾಯಿತು ಎಂದು ಬರೆಸಿಕೊಂಡು, ಆ ಬರಹವನ್ನು ವೈದ್ಯರಿಗೆ ಓದಿಸಿ ಕಾರಣ ನಿರ್ಧರಿಸಿದ ವಿಧಾನ ಅದು. ಹೆಚ್ಚಿನ ಸಾವುಗಳು ಹಳ್ಳಿಗಳಲ್ಲಿ, ಆಸ್ಪತ್ರೆಯ ಹೊರಗೆ ಆಗಿದ್ದವು. ನಮ್ಮ ಸಿಸ್ಟರ್ ಈ ಅಧ್ಯಯನವನ್ನು ಓದಿದ್ದರೆ ಎಸ್‌ಒಪಿಯಲ್ಲಿ ಅದರ 58,000 ಎಂಬ ಸಂಖ್ಯೆಯನ್ನು ಬರೆದು ಬಿಡುವುದಕ್ಕಿಂತ, ಅದರ ವಿಧಾನದ ಬಗ್ಗೆ ಬರೆಯುವುದು ಒಳ್ಳೆಯದು. ಯಾಕೆಂದರೆ ಅವರಿಗೆ ಕಲಿಯಬೇಕಾಗಿರುವುದು ಅದೇ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ತೂಕ ಬಂದಿದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಪ್ರಕರಣವನ್ನೂ ಸಾವನ್ನೂ ತಿಳಿಸಬೇಕು. ಅದೇ ವರ್ಷ ಕೇಂದ್ರ ಸರ್ಕಾರವೂ ಹಾವು ಕಡಿತಕ್ಕೆ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು, 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ. ಆದೇಶ ಬಂದ ಮೇಲೆ ಅದನ್ನು ದಿನವೂ ಪಾಲಿಸುವ ಕೈ ಯಾರದು? ರಾತ್ರಿ ಪಾಳಿಯಲ್ಲಿ ಫಾರಂ ತುಂಬುವ ಶುಶ್ರೂಷಾಧಿಕಾರಿಯದು. ಫಾರಂ ಎಲ್ಲಿ ಖಾಲಿ ಉಳಿಯುತ್ತದೆ, ಯಾಕೆ ಉಳಿಯುತ್ತದೆ, ವರದಿ ಹೆಚ್ಚಿದ ವರ್ಷ ಕಡಿತವೇ ಹೆಚ್ಚಿತೋ ಬರೆಯುವುದು ಮಾತ್ರ ಹೆಚ್ಚಿತೋ, ಇವನ್ನೆಲ್ಲ ಒಳಗಿನಿಂದ ಬಲ್ಲ ಅಭ್ಯರ್ಥಿ ತರಗತಿಯಲ್ಲಿ ಇದ್ದರೆ ಪಾಠ ಹೇಳುವವರಿಗೂ ಲಾಭ. ಎಸ್‌ಒಪಿ ಓದುವ ಸಮಿತಿ ಹುಡುಕುವುದು ಇಂಥವರನ್ನೇ ಎಂದು ನಾನು ನಂಬಿದ್ದೇನೆ.

ಹಾಗಾದರೆ ಆ ಭಾಗ ಎಸ್‌ಒಪಿಯಲ್ಲಿ ಹೇಗಿರಬಹುದು? ನಾನಾದರೆ ಹೀಗೆ ಬರೆಯಿರಿ ಎನ್ನುತ್ತಿದ್ದೆ:

"ಕಳೆದ ವರ್ಷ ನಮ್ಮ ಆಸ್ಪತ್ರೆಗೆ ಹಾವು ಕಚ್ಚಿ ಬಂದವರಲ್ಲಿ ಒಬ್ಬರು ಮಾತ್ರ ಇಲ್ಲಿ ಸತ್ತರು. ಈ ಸಂಖ್ಯೆಯನ್ನು ನಾನು ನಂಬುವುದಿಲ್ಲ. ರೆಫರ್ ಆದವರ ಗತಿ ನಮ್ಮ ದಾಖಲೆಯಲ್ಲಿ ಇಲ್ಲ, ದಾರಿಯಲ್ಲಿ ಸತ್ತವರೂ ಇಲ್ಲ. ಬಂದವರಿಗೆ ಕಚ್ಚಿದ ಹೊತ್ತು ಕೇಳಿ ಬರೆದಿಡಲು ಶುರುಮಾಡಿದೆ. ಹೊತ್ತು ನೆನಪಿದ್ದವರಲ್ಲಿ ಹೆಚ್ಚಿನವರು ಮೂರು ಗಂಟೆ ಕಳೆದ ಮೇಲೆ ಬಂದಿದ್ದರು. ಆದರೆ ತುಂಬ ತಡವಾದವರು ಬರಲೇ ಇಲ್ಲದಿರಬಹುದು, ಹಾಗಾಗಿ ನನ್ನ ಈ ಪಟ್ಟಿಯೂ ತಡವನ್ನು ಕಡಿಮೆ ಮಾಡಿ ತೋರಿಸುತ್ತಿರಬಹುದು. ಇದನ್ನು ಸರಿಯಾಗಿ ಅಳೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ಅದನ್ನು ಕಲಿಯಲು ಬರುತ್ತಿದ್ದೇನೆ."

ಕೊನೆಯ ಎರಡು ವಾಕ್ಯ ಬರೆಯಲು ಬಹಳ ಜನ ಹೆದರುತ್ತಾರೆ. ಗೊತ್ತಿಲ್ಲ ಎಂದರೆ ಸೀಟು ಕೊಡುವುದಿಲ್ಲ ಎಂಬ ಅಂಜಿಕೆ. ಆದರೆ ಈ ಗೊತ್ತಿಲ್ಲ ಬಹಳ ಖಚಿತವಾದದ್ದು. ಏನು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ, ಗೊತ್ತಾದರೆ ಯಾವ ಬಾಗಿಲು ತೆರೆಯುತ್ತದೆ ಎಂದು ಬರೆದವರಿಗೆ ತಿಳಿದಿದೆ. ತನ್ನ ಅಂಕಿ ಎಲ್ಲಿ ಮೋಸ ಮಾಡುತ್ತಿದೆ ಎಂದು ತಾನೇ ಕಂಡುಕೊಂಡವರಿಗೆ ಪಾಠ ಹೇಳುವುದು ಯಾವ ಮೇಷ್ಟ್ರಿಗೂ ಇಷ್ಟದ ಕೆಲಸ.

ಇಲ್ಲೊಂದು ಎಚ್ಚರ ಬೇಕು. ಸಣ್ಣ ಊರಿನಲ್ಲಿ ಹೆಸರು ತೆಗೆದ ಮಾತ್ರಕ್ಕೆ ರೋಗಿಯ ಗುಟ್ಟು ಉಳಿಯುವುದಿಲ್ಲ. "ಕಳೆದ ಆಷಾಢದಲ್ಲಿ, ಹೊಳೆಯಾಚೆಯ ಹಳ್ಳಿಯಿಂದ ಬಂದ ಏಳು ತಿಂಗಳ ಗರ್ಭಿಣಿ" ಎಂದರೆ ಊರಿನವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಎಸ್‌ಒಪಿ ಓದುವವರು ದೂರದವರು ನಿಜ, ಆದರೆ ನಾಳೆ ಅದನ್ನು ತಿದ್ದಿಕೊಡುವ ಪರಿಚಯದವರು, ಅದರ ಪ್ರತಿ ಕೇಳುವ ಗೆಳತಿಯರು ಊರಿನವರೇ. ತಿಂಗಳು, ಹಳ್ಳಿ, ವಯಸ್ಸು ಈ ಮೂರರಲ್ಲಿ ಎರಡನ್ನಾದರೂ ಬಿಡಬೇಕು. ರಿಜಿಸ್ಟರಿನಿಂದ ತೆಗೆದ ಅಂಕಿಗಳನ್ನು ಬರೆಯುವ ಮೊದಲು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯ ಒಪ್ಪಿಗೆ ಕೇಳಬೇಕು, ಕೇಳಿದ್ದೇನೆಂದು ಒಂದು ವಾಕ್ಯದಲ್ಲಿ ಹೇಳಬೇಕು. ಒಪ್ಪಿಗೆ ಸಿಗದಿದ್ದರೆ ಅಂಕಿಗಳಿಲ್ಲದೆಯೂ ಪ್ರಶ್ನೆಯನ್ನು ಬರೆಯಬಹುದು. ಹಾಗೆಯೇ ಡಾಕ್ಟರು ಇಲ್ಲದ ಪಿಎಚ್‌ಸಿಯ ಹೆಸರು ಹಾಕಿ ದೂರು ಹೇಳುವ ಜಾಗವೂ ಇದಲ್ಲ. ದೂರಿನ ಅರ್ಜಿ ಬೇರೆ, ಪ್ರವೇಶದ ಅರ್ಜಿ ಬೇರೆ.

ಇನ್ನು ಯಾಕೆ ಇದೇ ಕೋರ್ಸು, ಇದೇ ಸಂಸ್ಥೆ ಎಂಬ ಭಾಗ. ಹೆಚ್ಚಿನ ಎಸ್‌ಒಪಿಗಳಲ್ಲಿ ಇದು ಸಂಸ್ಥೆಯ ಹೊಗಳಿಕೆಯಾಗಿರುತ್ತದೆ: ಜಗತ್ಪ್ರಸಿದ್ಧ ಅಧ್ಯಾಪಕ ವರ್ಗ, ಅತ್ಯಾಧುನಿಕ ಗ್ರಂಥಾಲಯ. ಸಂಸ್ಥೆಯವರಿಗೆ ಅದು ಗೊತ್ತಿರುವ ವಿಷಯ. ಸಿಸ್ಟರಿನ ಪ್ರಶ್ನೆ ಕೈಯಲ್ಲಿದ್ದರೆ ಈ ಭಾಗ ತಾನಾಗಿ ಬರುತ್ತದೆ. ಮನೆಮನೆಯಲ್ಲಿ ಎಣಿಸುವುದು ಹೇಗೆ, ಎಷ್ಟು ಮನೆ ಸಾಕು ಎಂಬುದಕ್ಕೆ ಎಪಿಡೆಮಿಯಾಲಜಿ ಮತ್ತು ಬಯೋಸ್ಟಾಟಿಸ್ಟಿಕ್ಸ್ ಬೇಕು. ಜನ ಮೊದಲು ಮದ್ದು ಕೊಡುವವರ ಹತ್ತಿರ ಯಾಕೆ ಹೋಗುತ್ತಾರೆ ಎಂಬುದಕ್ಕೆ ಅವರ ಜೊತೆ ಕೂತು ಮಾತನಾಡಿ ಅರ್ಥ ಮಾಡಿಕೊಳ್ಳುವ ಸಂಶೋಧನಾ ವಿಧಾನ ಬೇಕು, ಅಲ್ಲಿ ಬೈದರೆ ಕೆಲಸ ಕೆಡುತ್ತದೆ. ಎಎಸ್‌ವಿ ಪಿಎಚ್‌ಸಿಯಲ್ಲೇ ಇಡಬೇಕೋ ತಾಲ್ಲೂಕಿನಲ್ಲಿ ಮಾತ್ರವೋ, ಇಟ್ಟರೆ ಅಲರ್ಜಿ ನಿಭಾಯಿಸಲು ಯಾರಿರುತ್ತಾರೆ ಎಂಬುದು ಆರೋಗ್ಯ ವ್ಯವಸ್ಥೆಯ ಪಾಠ. ಹೀಗೆ ಮೂರು ಪ್ರಶ್ನೆಗೆ ಮೂರು ಪಾಠ ಜೋಡಿಸಿ, ಆಯಾ ಸಂಸ್ಥೆಯ ಪಠ್ಯಪಟ್ಟಿ ನೋಡಿ, ಇರುವುದನ್ನು ಮಾತ್ರ ಬರೆಯಬೇಕು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಎಂಪಿಎಚ್ ಎಪಿಡೆಮಿಯಾಲಜಿ ಮತ್ತು ಆರೋಗ್ಯ ವ್ಯವಸ್ಥೆಯ ಕಡೆ ಒಲಿದದ್ದು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದ್ದು ನಮ್ಮ ದೇಶದ ಹಳೆಯ ಎಂಪಿಎಚ್‌ಗಳಲ್ಲಿ ಒಂದು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಕೋರ್ಸು, ಅಮೆರಿಕದಲ್ಲಿ ಎರಡು ವರ್ಷದ್ದು. ಮನೆಮನೆ ತಿರುಗಿ ಸಮೀಕ್ಷೆ ಮಾಡಬೇಕೆನ್ನುವವರಿಗೆ ಒಂದೇ ವರ್ಷದ ಕೋರ್ಸಿನಲ್ಲಿ ಅದಕ್ಕೆ ಸಮಯ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಜಾಣತನ.

ಭಾಷೆಯ ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನರ್ಸ್‌ಗಳು ಇಂಗ್ಲಿಷಿನಲ್ಲಿ ಬರೆಯುವಾಗ ಕಂಗಾಲಾಗಿ ಕನ್ಸಲ್ಟೆನ್ಸಿಯವರ ಹತ್ತಿರ ಹಣ ಕೊಟ್ಟು ಬರೆಸುವುದನ್ನು ನೋಡಿದ್ದೇನೆ. ಬಂದ ಬರಹ ನುಣುಪಾಗಿರುತ್ತದೆ, ಅದರಲ್ಲಿ ಗಾಜಿನ ಟ್ಯೂಬೂ ಇರುವುದಿಲ್ಲ, ದನ ಕಟ್ಟುವ ಹೊತ್ತೂ ಇರುವುದಿಲ್ಲ. ಅದೇ ಪ್ಯಾರಾಗಳು ಇನ್ನೊಬ್ಬರ ಅರ್ಜಿಯಲ್ಲೂ ಇದ್ದು ಸಿಕ್ಕಿಬೀಳುವುದುಂಟು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ತಡವರಿಸಬೇಕಾಗುತ್ತದೆ. ಮೊದಲು ಕನ್ನಡದಲ್ಲಿ, ಡ್ಯೂಟಿ ಹಸ್ತಾಂತರಿಸುವಾಗ ಮುಂದಿನ ಪಾಳಿಯ ಸಿಸ್ಟರಿಗೆ ಹೇಳಿದಷ್ಟು ಸ್ಪಷ್ಟವಾಗಿ ಬರೆದುಕೊಳ್ಳಿ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಇಳಿಸಿ. ವ್ಯಾಕರಣ ತಿದ್ದಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ತಿದ್ದುವವರು ವಿಷಯ ಸೇರಿಸಲು ಹೊರಟರೆ ತಡೆಯಿರಿ.

ಅಂಕ ಕಡಿಮೆ ಇದ್ದರೆ, ನಡುವೆ ಕೆಲಸ ಬಿಟ್ಟ ವರ್ಷಗಳಿದ್ದರೆ ಎರಡು ವಾಕ್ಯದಲ್ಲಿ ಕಾರಣ ಹೇಳಿ ಮುಂದೆ ಹೋಗುವುದು ಸಾಕು. ಕೈಗೂಸು ಇತ್ತು, ಅತ್ತೆಗೆ ಹುಷಾರಿರಲಿಲ್ಲ ಎಂಬುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಅರ್ಧ ಪುಟ ವಿವರಿಸುವಂಥದ್ದೂ ಇಲ್ಲ. ಶಿಫಾರಸು ಪತ್ರ ಕೊಡುವ ವೈದ್ಯರಿಗೆ ಎಸ್‌ಒಪಿಯ ಒಂದು ಪ್ರತಿ ಓದಲು ಕೊಡುವುದು ಒಳ್ಳೆಯದು. ಆ ಪೆನ್ಸಿಲಿನ ಪಟ್ಟಿಯನ್ನು ಅವರು ಕಣ್ಣಾರೆ ಕಂಡಿದ್ದೇನೆಂದು ತಮ್ಮ ಪತ್ರದಲ್ಲಿ ಬರೆದರೆ, ಅದು "ಇವರು ಶ್ರಮಜೀವಿ, ಸತ್ಪ್ರಜೆ" ಎನ್ನುವ ಪತ್ರಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳದ್ದು.

ಉಳಿದದ್ದು ಓದು ಮುಗಿದ ಮೇಲೆ ಏನು ಎಂಬುದು. "ರಾಜ್ಯದ ಆರೋಗ್ಯ ನೀತಿಯನ್ನೇ ಬದಲಿಸುತ್ತೇನೆ" ಎಂದು ಬರೆಯುವವರಿದ್ದಾರೆ. ಆಸೆ ದೊಡ್ಡದಿರಲಿ, ಆದರೆ ಮೊದಲ ಎರಡು ವರ್ಷದಲ್ಲಿ ಏನು ಮಾಡುತ್ತೀರಿ ಎಂದು ಹೇಳಿದರೆ ನಂಬಿಕೆ ಹುಟ್ಟುತ್ತದೆ. ಸರ್ಕಾರಿ ನೌಕರಿಯಲ್ಲಿರುವವರು ಅರ್ಜಿ ಹಾಕುವ ಮುನ್ನವೇ ಇಲಾಖೆಯ ನಿರಾಕ್ಷೇಪಣಾ ಪತ್ರ, ಓದಿಗಾಗಿ ಸಿಗುವ ರಜೆಯ ನಿಯಮ ಎರಡನ್ನೂ ವಿಚಾರಿಸಿಕೊಳ್ಳಬೇಕು. ಗುತ್ತಿಗೆಯ ಮೇಲೆ ಇರುವವರಿಗೆ ಓದಲು ಹೋದರೆ ಕೆಲಸವೇ ಉಳಿಯದಿರಬಹುದು, ಅದರ ಏರ್ಪಾಡು ಮೊದಲೇ ಬೇಕು. ನಮ್ಮ ಸಿಸ್ಟರ್ ವಾಪಸ್ ಬಂದರೆ ಅವರ ಮೊದಲ ಕೆಲಸ ಹೀಗಿರಬಹುದು: ತಮ್ಮ ತಾಲ್ಲೂಕಿನ ಹಾವು ಕಡಿತದ ವರದಿ ಫಾರಂಗೆ ಕಚ್ಚಿದ ಹೊತ್ತು ಮತ್ತು ಮೊದಲು ಹೋದ ಜಾಗ ಎಂಬ ಎರಡು ಕಾಲಂ ಸೇರಿಸುವುದು. ಪ್ರತಿ ತಿಂಗಳು ಆಶಾ ಕಾರ್ಯಕರ್ತೆಯರ ಸಭೆಯಲ್ಲಿ, ಆಸ್ಪತ್ರೆಗೆ ಬಾರದ ಹಾವು ಕಡಿತದ ಸಾವು ಏನಾದರೂ ಆಗಿದೆಯೇ ಎಂದು ಕೇಳಿ ಬರೆದುಕೊಳ್ಳುವುದು. ರೆಫರ್ ಆದವರಿಗೆ ಏಳನೇ ದಿನ ಒಂದು ಫೋನು ಮಾಡುವುದು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ, ತಡವಾಗುತ್ತಿರುವುದು ಮದ್ದಿನವರ ಮನೆಯಲ್ಲೋ, ಡಾಕ್ಟರಿಲ್ಲದ ಪಿಎಚ್‌ಸಿಯಲ್ಲೋ, ವಾಹನ ಸಿಗದ ರಸ್ತೆಯಲ್ಲೋ ಎಂದು ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಅಂಕಿಗಳ ಸಮೇತ ಹೇಳಲು ಅವರಿಗೆ ಸಾಧ್ಯವಾಗುತ್ತದೆ. ಮೂರಕ್ಕೂ ಪರಿಹಾರ ಬೇರೆ ಬೇರೆ, ಹಣ ಬೇಕಾಗುವುದೂ ಬೇರೆ ಬೇರೆ ಇಲಾಖೆಯಿಂದ. ಎಸ್‌ಒಪಿಯ ಕೊನೆಯ ಪ್ಯಾರಾದಲ್ಲಿ ಇಷ್ಟನ್ನು ಐದಾರು ವಾಕ್ಯದಲ್ಲಿ ಬರೆದು, ಕೆಳಗೆ ಹೆಸರು ಮತ್ತು ನೋಂದಣಿ ಸಂಖ್ಯೆ ಹಾಕಿದರೆ ಅರ್ಜಿ ಕಳಿಸಬಹುದು.